ಪರಸ್ಥಳದ ಮಾಲೀಕನ ಗೃಹನಿರ್ವಹಣಾ ಕರಾರು

ದೂರದೇಶದಲ್ಲಿ ನೆಲಸಿರುವ ಮಾಲೀಕನು ತನ್ನ ಬಾಡಿಗೆಯ ಮನೆಯ ಮೇಲ್ವಿಚಾರಣೆಯನ್ನು ಸ್ಥಳೀಯ ನಿರ್ವಾಹಕನಿಗೆ ಒಪ್ಪಿಸುವಾಗ ಉಭಯರೂ ಬರೆದುಕೊಳ್ಳುವ ಒಡಂಬಡಿಕೆ. ಭಾರತದಲ್ಲಿ ಇಂತಹ ನಿರ್ವಾಹಕನು 1872ರ ಕರಾರು ಕಾಯಿದೆಯ ಅರ್ಥದಲ್ಲಿ ಮಾಲೀಕನ ಏಜೆಂಟನಾಗುತ್ತಾನೆ; ಮಾಲೀಕನು ಕೇಳಿದಾಗ ಲೆಕ್ಕವನ್ನೊಪ್ಪಿಸುವುದು ಅದರ 213ನೆಯ ಪ್ರಕರಣದಂತೆ ಅವನ ಕರ್ತವ್ಯ.

ಶುಲ್ಕವನ್ನು ಸಾಮಾನ್ಯವಾಗಿ ಬಾಡಿಗೆಯ ಶೇಕಡಾವಾರಿನಲ್ಲಿ ಗೊತ್ತುಮಾಡುತ್ತಾರೆ. ಆ ಶೇಕಡಾವಾರು ಸಲ್ಲಬೇಕಾದ ಬಾಡಿಗೆಯ ಮೇಲಲ್ಲದೆ ವಸೂಲಾದ ಬಾಡಿಗೆಯ ಮೇಲೆ ಇರತಕ್ಕದ್ದು. ಇಲ್ಲವಾದರೆ ಬಾಕಿಯನ್ನು ವಸೂಲುಮಾಡುವ ಆತುರ ನಿರ್ವಾಹಕನಿಗಿರುವುದಿಲ್ಲ. ದುರಸ್ತಿಯ ವೆಚ್ಚದ ಮೇಲೂ ಕಮಿಷನ್ ಕೊಡುವ ಪದ್ಧತಿ ಕೆಲವೆಡೆ ಉಂಟು. ಖರ್ಚು ಹೆಚ್ಚಿದಷ್ಟೂ ನಿರ್ವಾಹಕನ ಲಾಭ ಹೆಚ್ಚುವುದರಿಂದ ಅದು ಅನುಚಿತವೆಂದೇ ಹೇಳಬೇಕು.

ವಿವಾದಗಳು ಬಹುಮಟ್ಟಿಗೆ ಹುಟ್ಟುವುದು ದುರಸ್ತಿಯ ಅಧಿಕಾರದಲ್ಲಿ. ಬೆಂಗಳೂರಿನ ಒಂದು ಮನೆಗೆ ತಿಂಗಳ ಬಾಡಿಗೆ 40,000 ರೂಪಾಯಿ, ಶುಲ್ಕ ಶೇಕಡಾ 8, ಮಾಲೀಕನನ್ನು ಕೇಳದೆ ನಿರ್ವಾಹಕನು ಖರ್ಚುಮಾಡಬಹುದಾದ ಮೊತ್ತ 5,000 ರೂಪಾಯಿ ಎಂದು ಕಲ್ಪಿಸಿಕೊಳ್ಳೋಣ. ಮಾಲೀಕನು ನಿದ್ರಿಸುತ್ತಿರುವ ಹೊತ್ತಿನಲ್ಲಿ ಮಾಳಿಗೆಯ ಟ್ಯಾಂಕಿನ ಕೊಳವೆ ಒಡೆದು ನೀರು ಒಳಗೆ ಸುರಿಯತೊಡಗಿದರೆ, ನಷ್ಟವನ್ನು ತಡೆಯಲು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ಮನೆಗೆ ಏನು ಮಾಡುತ್ತಿದ್ದನೋ ಅದನ್ನು ಮಾಡುವ ಅಧಿಕಾರವನ್ನು 189ನೆಯ ಪ್ರಕರಣವೇ ಏಜೆಂಟನಿಗೆ ನೀಡಿದೆ. ಆದರೆ ಆ ಅಧಿಕಾರವು ನೀರನ್ನು ನಿಲ್ಲಿಸಿ, ಒಡೆದ ತುಂಡನ್ನು ಬದಲಿಸುವವರೆಗೆ ಮಾತ್ರ. ಅದೇ ನೆಪದಲ್ಲಿ ಮನೆಯ ಕೊಳವೆಗಳನ್ನೆಲ್ಲ ಹೊಸದಾಗಿಸಲು ಮಾಲೀಕನ ಲಿಖಿತ ಸಮ್ಮತಿ ಬೇಕು. ಆದುದರಿಂದ ನೀರಿನ ಸೋರಿಕೆ, ವಿದ್ಯುತ್ತಿನ ಅಪಾಯ, ಒಳಚರಂಡಿ ಉಕ್ಕುವಿಕೆ ಇವು ತುರ್ತು, ಸುಣ್ಣಬಣ್ಣ ತುರ್ತಲ್ಲ ಎಂದು ಕರಾರಿನಲ್ಲಿ ಬಿಡಿಸಿ ಬರೆಯುವುದು ಕ್ಷೇಮ.

ಮಿತಿಯನ್ನು ನಿಗದಿಮಾಡಿದ ಮಾತ್ರಕ್ಕೆ ರಕ್ಷಣೆ ಸಿದ್ಧಿಸದು. 13,500 ರೂಪಾಯಿಯ ಒಂದೇ ಕೆಲಸವನ್ನು 4,500ರ ಮೂರು ಬಿಲ್ಲುಗಳಾಗಿ ಒಡೆದರೆ ಯಾವುದೊಂದೂ ಮಿತಿಯನ್ನು ಮೀರುವುದಿಲ್ಲ. ಒಬ್ಬನೇ ಕೆಲಸಗಾರ, ಅಕ್ಕಪಕ್ಕದ ತಾರೀಖುಗಳು, ಮಿತಿಗಿಂತ ತುಸುವೇ ಕಡಮೆಯಾದ ಮೊತ್ತಗಳು ಇದರ ಕುರುಹು. ಮಿತಿಯು ಬಿಲ್ಲಿಗಲ್ಲದೆ ಇಡೀ ಕೆಲಸಕ್ಕೆ ಅನ್ವಯಿಸುವುದೆಂದೂ, ತಿಂಗಳ ಒಟ್ಟು ಖರ್ಚಿಗೆ ಪ್ರತ್ಯೇಕ ಮಿತಿಯುಂಟೆಂದೂ ಬರೆದರೆ ಈ ದಾರಿ ಮುಚ್ಚುತ್ತದೆ.

ಇಂತಹ ಕುರುಹು ಕಣ್ಣಿಗೆ ಬೀಳುವುದು ತಿಂಗಳ ವರದಿಯಿಂದ. ಮೇಲಿನ ಮನೆಯಲ್ಲಿಯೇ, ವಸೂಲಾದ 40,000ದಲ್ಲಿ ಶುಲ್ಕ 3,200, ದುರಸ್ತಿ 4,500, ನಿವಾಸಿಗಳ ಸಂಘಕ್ಕೆ ಸಂದ 3,000 ಕಳೆದು, ಮಾಲೀಕನ ಖಾತೆಗೆ 29,300 ಜಮೆಯಾಗಬೇಕು. ವರದಿಯ ಈ ಅಂಕಿಯೂ ಬ್ಯಾಂಕಿನ ಪುಸ್ತಕದ ಅಂಕಿಯೂ ಒಂದೇ ಆಗಿರಬೇಕು. ಖರ್ಚಿನ ಪ್ರತಿಯೊಂದು ಬಾಬಿಗೂ ಮೂಲ ಬಿಲ್ಲನ್ನೂ, ಕೆಲಸದ ಮೊದಲು ಮತ್ತು ಅನಂತರ ತೆಗೆದ ಛಾಯಾಚಿತ್ರಗಳನ್ನೂ ಲಗತ್ತಿಸತಕ್ಕದ್ದು. ಬಿಲ್ಲಿಲ್ಲದ ಬಾಬನ್ನು ಮಾಲೀಕನು ಒಪ್ಪಬೇಕಾಗಿಲ್ಲವೆಂಬ ವಾಕ್ಯ ಕರಾರಿನಲ್ಲಿಯೇ ಇರಬೇಕು.