ಕಬ್ಬಾಲದ ‘ಬರಿದು’ ಮತ್ತು ಶರಣರ ‘ಬಯಲು’

ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲದಲ್ಲಿ ಪರವಸ್ತುವಿಗೆ ‘ಏನ್ ಸೋಫ್’, ಅಂದರೆ ಅಂತ್ಯವಿಲ್ಲದ್ದು, ಎಂದು ಹೆಸರು. ಎಲ್ಲೆಡೆಯೂ ಅದೇ ತುಂಬಿರುವಾಗ ಜಗತ್ತಿಗೆ ಎಡೆಯೆಲ್ಲಿ? 16ನೆಯ ಶತಮಾನದಲ್ಲಿ ಗಲಿಲಿ ಪ್ರಾಂತದ ಸಫೇದ್ ಪಟ್ಟಣದಲ್ಲಿ ಬೋಧಿಸಿದ ಐಸಾಕ್ ಲೂರಿಯಾ ಇದಕ್ಕೆ ‘ತ್ಸಿಮ್‌ತ್ಸುಮ್’, ಅಂದರೆ ಸಂಕೋಚ, ಎಂಬ ಉತ್ತರವಿತ್ತರು. ಅನಂತವು ತನ್ನ ಬೆಳಕನ್ನು ಹಿಂತೆಗೆದುಕೊಂಡು ಬರಿದಾದ ಒಂದು ಎಡೆಯನ್ನು ಉಂಟುಮಾಡಿತು. ಮರಳಿ ಅಲ್ಲಿಗೆ ಹರಿದ ಬೆಳಕನ್ನು ತಾಳಲಾರದೆ ಕೆಲವು ಪಾತ್ರೆಗಳು ಒಡೆದವು. ಚೂರುಗಳೊಡನೆ ಕಿಡಿಗಳು ಚದುರಿದವು. ಧರ್ಮವಿಧಿಗಳನ್ನು ಏಕಾಗ್ರಚಿತ್ತದಿಂದ ಆಚರಿಸಿ ಆ ಕಿಡಿಗಳನ್ನು ಮೇಲೆತ್ತುವುದೇ ‘ತಿಕ್ಕುನ್’, ಅಂದರೆ ಸರಿಪಡಿಸುವಿಕೆ.

ಈ ಬರಿದನ್ನೇ ಶರಣರ ಬಯಲೆಂದು ಭಾವಿಸಿದರೆ ತಪ್ಪಾಗುತ್ತದೆ. ಲೂರಿಯಾ ಹೇಳುವ ಬರಿದು ಪರವಸ್ತು ಹಿಂದೆ ಸರಿದ ತಾಣ. ಶರಣರ ಬಯಲು ಪರವಸ್ತುವೇ. ಬಯಲಿಗೆ ಹೋಲಿಕೆಯನ್ನು ಅರಸುವವರು ಆ ಬರಿದನ್ನಲ್ಲ, ಸಂಕೋಚಕ್ಕೂ ಮೊದಲಿನ ಏನ್ ಸೋಫನ್ನು ನೋಡಬೇಕು.