ಮುಂಗಡ ತೆರಿಗೆ ಕಂತಿನ ಜ್ಞಾಪನಾ ಪತ್ರ

ವರಮಾನ ತೆರಿಗೆಯ ಕಂತು ಕಟ್ಟುವ ದಿನ ಹತ್ತಿರ ಬಂದಾಗ ಲೆಕ್ಕಪರಿಶೋಧಕರು ತಮ್ಮ ಕಕ್ಷಿದಾರರಿಗೆ ಕಳಿಸುವ ಚಿಕ್ಕ ಪತ್ರವೇ ಮುಂಗಡ ತೆರಿಗೆಯ ಜ್ಞಾಪನಾ ಪತ್ರ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಖಿಗೆ ಹತ್ತು ಹದಿನೈದು ದಿನ ಮುಂಚೆ ಇದು ಹೊರಡುತ್ತದೆ. ಮೊದಲು ಅಂಚೆಯಲ್ಲಿ ಹೋಗುತ್ತಿತ್ತು, ಈಗ ಇ-ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಹೋಗುತ್ತದೆ. ಹೀಗೆ ಬರೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಭಾರತದ ಆಡಿಟರ್ ಕಚೇರಿಗಳಲ್ಲಿ ಇದು ರೂಢಿಯಾಯಿತು. ಅದಕ್ಕೆ ಕಾರಣ ತಿಳಿಯಬೇಕಾದರೆ, ಮುಂಗಡ ತೆರಿಗೆಯನ್ನು ನೆನಪಿಸುವ ಕೆಲಸ ಒಂದು ಕಾಲದಲ್ಲಿ ಸರ್ಕಾರದ್ದೇ ಆಗಿತ್ತು ಎಂಬಲ್ಲಿಂದ ಶುರುಮಾಡಬೇಕು.

ಎರಡನೇ ಮಹಾಯುದ್ಧದವರೆಗೆ ಭಾರತದಲ್ಲಿ ವರ್ತಕರು ವರಮಾನ ತೆರಿಗೆ ಕಟ್ಟುತ್ತಿದ್ದದ್ದು ವರ್ಷ ಮುಗಿದು, ಅಧಿಕಾರಿ ಲೆಕ್ಕ ನೋಡಿ, ಆದೇಶ ಮಾಡಿದ ಮೇಲೆ. ಯುದ್ಧಕಾಲದಲ್ಲಿ ಬೆಲೆಗಳು ಏರಿ ಜನರ ಕೈಯಲ್ಲಿ ಹಣ ಹೆಚ್ಚು ಓಡಾಡತೊಡಗಿತು. ಅದನ್ನು ಬೇಗ ಬೊಕ್ಕಸಕ್ಕೆ ಎಳೆದುಕೊಳ್ಳಲು 1944ರಲ್ಲಿ, 1922ರ ವರಮಾನ ತೆರಿಗೆ ಕಾಯಿದೆಗೆ 18ಎ ಪ್ರಕರಣವನ್ನು ಸೇರಿಸಲಾಯಿತು. ಗಳಿಸುತ್ತಿರುವಾಗಲೇ ಕಟ್ಟು ಎಂಬುದು ಅದರ ಸೂತ್ರ. ಅಧಿಕಾರಿಯು ಹಿಂದಿನ ಸಲ ನಿರ್ಧಾರವಾದ ಆದಾಯದ ಮೇಲೆ ತೆರಿಗೆ ಲೆಕ್ಕ ಹಾಕಿ, ನಾಲ್ಕು ಸಮ ಕಂತುಗಳಲ್ಲಿ ಕಟ್ಟಬೇಕೆಂದು ನೋಟಿಸು ಕಳಿಸುತ್ತಿದ್ದ. ಹೀಗೆ ಮುಂಚಿತವಾಗಿ ಬಂದ ಹಣಕ್ಕೆ ಸರ್ಕಾರವೇ ಅಲ್ಪ ಬಡ್ಡಿಯನ್ನೂ ಕೊಡುತ್ತಿತ್ತು ಎಂದರೆ ಇಂದಿನವರು ನಂಬಲಿಕ್ಕಿಲ್ಲ.

ಇಂದಿನ ಕರ್ನಾಟಕದಲ್ಲಿ ಈ ನೋಟಿಸು ಎಲ್ಲ ಕಡೆಗೂ ಒಟ್ಟಿಗೆ ಬರಲಿಲ್ಲ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳು ಬ್ರಿಟಿಷ್ ಆಡಳಿತದಲ್ಲಿದ್ದವು, ಅಲ್ಲಿನ ವರ್ತಕರಿಗೆ 18ಎ ನೇರವಾಗಿ ತಟ್ಟಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ವರಮಾನ ತೆರಿಗೆ ಕಾಯಿದೆ ಇತ್ತು. ಹಣಕಾಸು ವ್ಯವಸ್ಥೆ ಒಂದುಗೂಡಿ 1950ರ ಏಪ್ರಿಲ್ 1ರಿಂದ ಕೇಂದ್ರದ ಕಾಯಿದೆ ಬಂದ ಮೇಲೆಯೇ ಸಂಸ್ಥಾನದ ಊರುಗಳೂ ಅದರ ವ್ಯಾಪ್ತಿಗೆ ಸೇರಿದವು.

ಆ ದಿನಗಳಲ್ಲಿ ಆಡಿಟರ್ ಬರೆಯಬೇಕಿದ್ದ ಪತ್ರದ ಜಾತಿಯೇ ಬೇರೆ. ತಾರೀಖು, ಮೊತ್ತ ಎರಡೂ ಸರ್ಕಾರದ ನೋಟಿಸಿನಲ್ಲೇ ಇರುತ್ತಿದ್ದವು. ಕಕ್ಷಿದಾರನಿಗೆ ಸಲಹೆ ಬೇಕಿದ್ದದ್ದು ಒಂದೇ ವಿಷಯದಲ್ಲಿ: ನೋಟಿಸಿನ ಮೊತ್ತವನ್ನು ಒಪ್ಪಿಕೊಳ್ಳುವುದೋ, ಈ ವರ್ಷ ವ್ಯಾಪಾರ ಇಳಿದಿದೆ ಎಂದು ಕಡಿಮೆ ಅಂದಾಜು ಸಲ್ಲಿಸುವುದೋ? ಕಡಿಮೆ ಅಂದಾಜು ಕೊಡುವ ಹಕ್ಕು ಕಾಯಿದೆಯಲ್ಲೇ ಇತ್ತು. ಆದರೆ ಕಟ್ಟಿದ ಹಣ ಕೊನೆಗೆ ನಿರ್ಧಾರವಾದ ತೆರಿಗೆಯ ಶೇ 80ಕ್ಕಿಂತ ಕೆಳಗಿದ್ದರೆ ಬಡ್ಡಿ ಬೀಳುತ್ತಿತ್ತು. ಹಾಗಾಗಿ ಅದು ನೆನಪಿಸುವ ಪತ್ರವಾಗಿರದೆ, ಎಚ್ಚರಿಸುವ ಪತ್ರವಾಗಿತ್ತು. 1961ರ ಕಾಯಿದೆ ಬಂದ ಮೇಲೂ ಈ ಕ್ರಮವೇ ಹೆಚ್ಚುಕಡಿಮೆ ಉಳಿಯಿತು. 1978ರಲ್ಲಿ, ಹಿಂದೆ ತೆರಿಗೆ ನಿರ್ಧಾರವಾದವರು ಅಧಿಕಾರಿಯ ಆದೇಶಕ್ಕೆ ಕಾಯದೆ ತಾವೇ ತಃಖ್ತೆ ಸಲ್ಲಿಸಿ ಕಟ್ಟಬೇಕೆಂದು ಆಯಿತು. ನೆನಪಿಸುವ ಹೊರೆ ಅಧಿಕಾರಿಯ ಮೇಜಿನಿಂದ ಸರಿಯತೊಡಗಿದ್ದು ಅಲ್ಲಿಂದ.

ಅದು ಪೂರ್ತಿ ಸರಿದದ್ದು 1987ರ ತಿದ್ದುಪಡಿಯಿಂದ. 1988ರ ಏಪ್ರಿಲ್ 1ರ ನಂತರ ಅಂದಾಜು ಪತ್ರ, ತಃಖ್ತೆ ಎಲ್ಲವೂ ಹೋದವು. ತೆರಿಗೆದಾರನೇ ಈ ವರ್ಷದ ಆದಾಯವನ್ನು ಊಹಿಸಿ, ತೆರಿಗೆ ಲೆಕ್ಕ ಹಾಕಿ, ಯಾರೂ ಕೇಳದಿದ್ದರೂ ಕಟ್ಟಬೇಕು. ಅಧಿಕಾರಿ ಆದೇಶ ಕಳಿಸುವ ಅಧಿಕಾರ ಕಾಗದದ ಮೇಲೆ ಉಳಿಯಿತು, ಆದರೆ ಬಹುತೇಕರ ಮನೆಗೆ ಅಂಥ ಕಾಗದ ಬರುವುದು ನಿಂತಿತು. ಮರುವರ್ಷ, 1989ರಲ್ಲಿ, ಬಡ್ಡಿಗೆಂದೇ 234ಬಿ, 234ಸಿ ಪ್ರಕರಣಗಳು ಬಂದವು. ನೋಟಿಸು ಇಲ್ಲ, ಬಡ್ಡಿ ಮಾತ್ರ ಇದೆ ಎಂಬ ಪರಿಸ್ಥಿತಿ. ನಡುವಿನ ಆ ಖಾಲಿ ಜಾಗಕ್ಕೆ ಆಡಿಟರ್ ಪತ್ರ ಬಂದು ಕೂತಿತು. ಬಡ್ಡಿಯನ್ನು ಕೇಳಿಕೊಂಡು ಮನ್ನಾ ಮಾಡಿಸಬಹುದೆಂಬ ಆಸೆಯೂ ಹೆಚ್ಚು ದಿನ ಉಳಿಯಲಿಲ್ಲ. 2001ರಲ್ಲಿ ಅಂಜುಮ್ ಘಾಸ್ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಬಡ್ಡಿಗಳು ಕಡ್ಡಾಯ ಎಂದಿತು.

ವರ್ಷ ಮುಗಿಯುವ ಮೊದಲೇ ವರ್ಷದ ಲಾಭ ಊಹಿಸು ಎನ್ನುವುದು ನ್ಯಾಯವೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆಯೂ ಬಂದಿತ್ತು. ಕ್ವಾಲಿಟಿ ಬಿಸ್ಕೆಟ್ಸ್ ಪ್ರಕರಣದಲ್ಲಿ, ಪುಸ್ತಕದ ಲಾಭದ ಮೇಲೆ ತೆರಿಗೆ ಕಟ್ಟುವ ಕಂಪನಿಗೆ ಆ ಲಾಭ ಲೆಕ್ಕ ಮುಗಿದ ಮೇಲಷ್ಟೇ ಗೊತ್ತಾಗುತ್ತದೆ, ಆದ್ದರಿಂದ ಬಡ್ಡಿ ಹಾಕುವಂತಿಲ್ಲ ಎಂದು ಕೋರ್ಟು 2000ದಲ್ಲಿ ಹೇಳಿತು. ವಾದದಲ್ಲಿ ತಿರುಳಿತ್ತು. ಆದರೆ 2011ರಲ್ಲಿ ರೋಲ್ಟಾ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಕಂಪನಿಗಳೂ ಬಡ್ಡಿ ಕಟ್ಟಲೇಬೇಕು ಎಂದಿದ್ದರಿಂದ ಆ ಆಸರೆ ತಪ್ಪಿತು.

ಪತ್ರಗಳ ಸಂಖ್ಯೆ ಹೆಚ್ಚಿದ್ದು 2016ರಲ್ಲಿ. ಅದಕ್ಕೆ ಮುನ್ನ ಕಂಪನಿಗಳಲ್ಲದವರಿಗೆ ಜೂನ್ ಕಂತು ಇರಲಿಲ್ಲ. ಸೆಪ್ಟೆಂಬರ್‌ಗೆ ಶೇ 30, ಡಿಸೆಂಬರ್‌ಗೆ ಶೇ 60, ಮಾರ್ಚ್‌ಗೆ ಪೂರ್ತಿ ಎಂಬ ಮೂರು ಮೆಟ್ಟಿಲಿದ್ದವು. ಆ ವರ್ಷದ ಹಣಕಾಸು ಕಾಯಿದೆ ಎಲ್ಲರನ್ನೂ ಕಂಪನಿಗಳ ಸಾಲಿಗೆ ತಂದಿತು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್‌ಗೆ 45, ಡಿಸೆಂಬರ್‌ಗೆ 75, ಮಾರ್ಚ್‌ಗೆ 100. ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ಒಪ್ಪಿಕೊಳ್ಳುವ ಸಣ್ಣ ವ್ಯಾಪಾರಿಗಳಿಗೆ ಮಾತ್ರ ಮಾರ್ಚ್‌ನ ಒಂದೇ ಕಂತು, ಹಾಗಾಗಿ ಅವರಿಗೆ ವರ್ಷಕ್ಕೊಂದೇ ಪತ್ರ. ಟಿಡಿಎಸ್ ಕಳೆದ ಮೇಲೆ ತೆರಿಗೆ 10,000 ರೂಪಾಯಿ ಮುಟ್ಟದವರಿಗೂ, ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ 60 ದಾಟಿದವರಿಗೂ ಪತ್ರದ ಅಗತ್ಯವೇ ಇಲ್ಲ.

ಪತ್ರ ಹೇಗಿರುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡೋಣ. ಹುಬ್ಬಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ಒಬ್ಬರಿದ್ದಾರೆ ಎನ್ನೋಣ. 2025-26ರಲ್ಲಿ ಅವರ ಅಂದಾಜು ತೆರಿಗೆ 2,40,000 ರೂಪಾಯಿ, ಟಿಡಿಎಸ್ 40,000, ಕಟ್ಟಬೇಕಾದ್ದು 2,00,000. ಡಿಸೆಂಬರ್ ಮೊದಲ ವಾರ ಅವರಿಗೆ ಬರುವ ಪತ್ರ ಹೀಗಿದ್ದರೆ ಸಾಕು:

“ನಮಸ್ಕಾರ ಸರ್. ಮುಂಗಡ ತೆರಿಗೆಯ ಮೂರನೇ ಕಂತಿಗೆ ಡಿಸೆಂಬರ್ 15, ಸೋಮವಾರ ಕೊನೆಯ ದಿನ. ತಾವು ಜೂನ್‌ನಲ್ಲಿ 24,000, ಸೆಪ್ಟೆಂಬರ್‌ನಲ್ಲಿ 66,000, ಒಟ್ಟು 90,000 ರೂಪಾಯಿ ಕಟ್ಟಿದ್ದೀರಿ. ಈಗ 60,000 ಕಟ್ಟಬೇಕು. ಸೆಪ್ಟೆಂಬರ್ ನಂತರ ಆದಾಯದಲ್ಲಿ ಏರಿಳಿತವಾಗಿದ್ದರೆ, ಸೈಟು, ಷೇರು ಏನಾದರೂ ಮಾರಿದ್ದರೆ 10ನೇ ತಾರೀಖಿನೊಳಗೆ ತಿಳಿಸಿ, ಮೊತ್ತ ಬದಲಿಸಿ ಹೇಳುತ್ತೇವೆ. ಕಟ್ಟಿದ ಮೇಲೆ ಚಲನ್ ಪ್ರತಿ ಕಳಿಸಿಕೊಡಿ.”

ಇದರಲ್ಲಿ ದಂಡ, ಕ್ರಮ, ತಕ್ಷಣ ಎಂಬ ಮಾತುಗಳಿಲ್ಲ. ಸೌಜನ್ಯ ಒಂದೇ ಇದಕ್ಕೆ ಕಾರಣವಲ್ಲ. 60,000 ಎಂಬುದು ಬಾಕಿಯಲ್ಲ, ಅಂದಾಜು. ಹೆದರಿದ ಕಕ್ಷಿದಾರ ಹೇಳಿದಷ್ಟನ್ನು ಕಟ್ಟಿ ಸುಮ್ಮನಾಗುತ್ತಾನೆ, ನವೆಂಬರ್‌ನಲ್ಲಿ ಸೈಟು ಮಾರಿದ ಸಂಗತಿ ಹೇಳುವುದಿಲ್ಲ. ಆ ಸಂಗತಿಯೇ ಮುಖ್ಯ. ಮೊದಲೇ ಊಹಿಸಲಾಗದ ಇಂಥ ಲಾಭದ ತೆರಿಗೆಯನ್ನು ಉಳಿದ ಕಂತುಗಳಲ್ಲಿ ಸೇರಿಸಿ ಕಟ್ಟಿದರೆ, ಜೂನ್, ಸೆಪ್ಟೆಂಬರ್ ಕಂತು ತಪ್ಪಿತೆಂದು 234ಸಿ ಬಡ್ಡಿ ಹಾಕುವುದಿಲ್ಲ. ಪತ್ರದ ಜೀವ ಇರುವುದು ‘ತಿಳಿಸಿ’ ಎಂಬ ಆ ವಾಕ್ಯದಲ್ಲಿ. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸುವ ಕಚೇರಿಗಳು ಮೊದಲು ಕೈಬಿಡುವುದು ಮಾತ್ರ ಅದನ್ನೇ.

ಜೂನ್‌ನ ಶೇ 15 ಎಂದರೆ 30,000 ಆಗಬೇಕಿತ್ತಲ್ಲ, 24,000 ಹೇಗೆ ಸಾಲುತ್ತದೆ? ಜೂನ್‌ನಲ್ಲಿ ಶೇ 12, ಸೆಪ್ಟೆಂಬರ್‌ನಲ್ಲಿ ಶೇ 36 ಕಟ್ಟಿದ್ದರೆ ಆ ಕಂತಿಗೆ ಬಡ್ಡಿಯಿಲ್ಲ ಎಂಬ ಸಡಿಲಿಕೆ ಕಾಯಿದೆಯಲ್ಲೇ ಇದೆ. ಆದರೆ 24,000ದ ಬದಲು 20,000 ಕಟ್ಟಿದ್ದರೆ, ಬಡ್ಡಿ ಬೀಳುವುದು ಕೊರತೆಯಾದ 4,000ಕ್ಕಲ್ಲ, 30,000ದವರೆಗಿನ 10,000ಕ್ಕೆ. ತಿಂಗಳಿಗೆ ಶೇ 1ರಂತೆ ಮೂರು ತಿಂಗಳಿಗೆ 300 ರೂಪಾಯಿ. ಡಿಸೆಂಬರ್‌ಗೆ ಈ ಸಡಿಲಿಕೆಯೂ ಇಲ್ಲ. 60,000ವನ್ನು 15ರ ಬದಲು 16ಕ್ಕೆ ಕಟ್ಟಿದರೆ ಒಂದು ದಿನದ ತಡಕ್ಕೆ ಮೂರು ತಿಂಗಳ ಬಡ್ಡಿ, 1,800 ರೂಪಾಯಿ. ಮಾರ್ಚ್ ಕಂತು ತಪ್ಪಿದರೆ ಒಂದೇ ತಿಂಗಳ ಬಡ್ಡಿ. ಆದರೆ ಮಾರ್ಚ್ 31ರೊಳಗೆ ಒಟ್ಟು 1,80,000, ಅಂದರೆ ಶೇ 90, ಆಗದಿದ್ದರೆ 234ಬಿ ಶುರುವಾಗುತ್ತದೆ. ಇವರು 1,50,000ಕ್ಕೇ ನಿಲ್ಲಿಸಿ ಉಳಿದ 50,000ವನ್ನು ಜುಲೈನಲ್ಲಿ ಕಟ್ಟಿದರು ಎಂದುಕೊಳ್ಳಿ. ಮಾರ್ಚ್ ಕಂತು ತಪ್ಪಿದ್ದಕ್ಕೆ 500, ಏಪ್ರಿಲ್‌ನಿಂದ ನಾಲ್ಕು ತಿಂಗಳಿಗೆ 2,000. ದೊಡ್ಡ ಮೊತ್ತವೇನಲ್ಲ. ಪತ್ರ ಗಾಬರಿ ಹುಟ್ಟಿಸಬೇಕಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

15ನೇ ತಾರೀಖು ಬ್ಯಾಂಕ್ ರಜೆಯಾದರೆ ಮುಂದಿನ ಕೆಲಸದ ದಿನ ಕಟ್ಟಬಹುದು, ಬಡ್ಡಿಯಿಲ್ಲ ಎಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 1994ರಲ್ಲಿ ಸುತ್ತೋಲೆ ಹೊರಡಿಸಿತ್ತು. 2025ರ ಜೂನ್ 15 ಭಾನುವಾರವಾಗಿತ್ತು. ಅಂಥ ಸಲ ಪತ್ರದಲ್ಲಿ ವಾರವನ್ನೂ ಬರೆಯುವುದು ಒಳ್ಳೆಯದು. ಆದರೂ ಜಾಣ ಆಡಿಟರ್ ಶುಕ್ರವಾರವೇ ಕಟ್ಟಿ ಎನ್ನುತ್ತಾರೆ.

ಪತ್ರ ಸರಿಯಿದ್ದರೂ ಕೆಲಸ ಕೆಡುವುದು ಚಲನ್‌ನಲ್ಲಿ. ಇಲಾಖೆಯ ಜಾಲತಾಣದ e-Pay Tax ನಲ್ಲಿ Advance Tax (100) ಆರಿಸುವ ಬದಲು Self Assessment Tax (300) ಒತ್ತಿದರೆ ಹಣ ಹೋಗುತ್ತದೆ, ಆದರೆ ಕಂತಾಗಿ ದಾಖಲಾಗುವುದಿಲ್ಲ. 2025-26ರ ಆದಾಯಕ್ಕೆ ನಿರ್ಧಾರ ವರ್ಷ 2026-27 ಎಂದು ಹಾಕಬೇಕು. ಇಲ್ಲಿ ಒಂದು ವರ್ಷ ಹಿಂದೆ ಬೀಳುವವರು ಬಹಳ. ತಪ್ಪು ಗೊತ್ತಾದರೆ ಅಲ್ಲೇ ತಿದ್ದುಪಡಿ ಕೋರಬಹುದು, ಆದರೆ ವರ್ಷ ಬದಲಿಸಲು ಏಳು ದಿನ, ಬಗೆ ಬದಲಿಸಲು ಮೂವತ್ತು ದಿನ ಮಾತ್ರ ಅವಕಾಶ. ಚಲನ್ ಪ್ರತಿ ಕಳಿಸಿ ಎಂದು ಪತ್ರ ಕೇಳುವುದು ಈ ಗಡುವಿನೊಳಗೆ ನೋಡಿಬಿಡಲು. ಇನ್ನೊಂದು ಮೋಸ ಕಣ್ಣಿಗೆ ಬೀಳದಂಥದ್ದು. ಚಲನ್ ತಯಾರಿಸಿದಾಗ ಬರುವ CRN ಗೆ ಸಾಮಾನ್ಯವಾಗಿ 15 ದಿನ ಆಯುಸ್ಸು. ಡಿಸೆಂಬರ್ 8ರಂದು ಆಡಿಟರ್ ಕಚೇರಿ ತಯಾರಿಸಿ ಕಳಿಸಿದ ಚಲನ್ ಮೇಲೆ 23ರವರೆಗೆ ಊರ್ಜಿತ ಎಂದಿರುತ್ತದೆ. ಅದನ್ನೇ ಕೊನೆಯ ದಿನವೆಂದು ತಿಳಿದು 20ಕ್ಕೆ ಕಟ್ಟಿದರೆ ಚಲನ್ ನಡೆಯುತ್ತದೆ, ಬಡ್ಡಿಯೂ ಬೀಳುತ್ತದೆ.

ಇತ್ತೀಚೆಗೆ ಇಲಾಖೆಯೂ ಈ ಕೆಲಸಕ್ಕೆ ಮರಳಿದೆ. 2024ರ ಮಾರ್ಚ್‌ನಲ್ಲಿ, ದೊಡ್ಡ ವ್ಯವಹಾರ ಮಾಡಿಯೂ ಅದಕ್ಕೆ ತಕ್ಕ ತೆರಿಗೆ ಕಟ್ಟಿಲ್ಲವೆಂದು ಕಂಡವರಿಗೆ ಇ-ಮೇಲ್, ಎಸ್ಸೆಮ್ಮೆಸ್ ಕಳಿಸಿ, 15ರೊಳಗೆ ಲೆಕ್ಕ ಹಾಕಿ ಕಟ್ಟಿ ಎಂದು ಕೇಳಿಕೊಂಡಿತು. ಆದರೆ ಇಲಾಖೆಗೆ ಕಾಣುವುದು ಬ್ಯಾಂಕು, ನೋಂದಣಿ ಕಚೇರಿ ಮುಂತಾದವರು ವರದಿ ಮಾಡಿದ ವ್ಯವಹಾರಗಳಷ್ಟೇ. ಪ್ರೆಸ್ಸಿನ ಕಾಗದದ ಬೆಲೆ ಏರಿ ಲಾಭ ಇಳಿದದ್ದು ಅದಕ್ಕೆ ಕಾಣದು, ಆಡಿಟರ್‌ಗೆ ಗೊತ್ತಿರುತ್ತದೆ.

2025ರ ಹೊಸ ವರಮಾನ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿತು. ಕಂತಿನ ನಾಲ್ಕು ತಾರೀಖುಗಳನ್ನು ಅದು ಹಾಗೇ ಉಳಿಸಿಕೊಂಡಿದೆ. ಹಿಂದಿನ ವರ್ಷ, ನಿರ್ಧಾರ ವರ್ಷ ಎಂಬ ಎರಡೆಣಿಕೆಯನ್ನು ತೆಗೆದು ‘ತೆರಿಗೆ ವರ್ಷ’ ಎಂಬ ಒಂದನ್ನೇ ಇಟ್ಟಿದೆ. ಹೊಸ ಕಾಯಿದೆಯಡಿ ಹೋಗುವ ಪತ್ರಗಳಲ್ಲಿ ವರ್ಷದ ಬಗ್ಗೆ ಬರೆಯಬೇಕಿದ್ದ ಎಚ್ಚರಿಕೆಯ ಸಾಲು ಇದರಿಂದ ಬಿಟ್ಟುಹೋಗುತ್ತದೆ, ಸೈಟು ಮಾರಿದ್ದರೆ ತಿಳಿಸಿ ಎಂಬ ಸಾಲು ಉಳಿಯುತ್ತದೆ.