‘ಏರಿಕೆ’ ಬೇರೆ, ‘ಏರಿಕೆ ಪ್ರಸ್ತಾವ’ ಬೇರೆ: ಸ್ಥಳೀಯ ಸುದ್ದಿಗೆ ಶೀರ್ಷಿಕೆ ಕೊಡುವುದು ಹೇಗೆ?

ಎಂಜಿನಿಯರಿಂಗ್ ಮುಗಿಸಿ ಸುದ್ದಿಮನೆಗೆ ಬಂದ ಹೊಸತರಲ್ಲಿ ನಾನೊಂದು ಶೀರ್ಷಿಕೆ ಕೊಟ್ಟಿದ್ದೆ: ‘ವಿದ್ಯುತ್ ದರ ಏರಿಕೆ: ಗ್ರಾಹಕರಿಗೆ ಶಾಕ್’. ಅವತ್ತು ಅತಿ ಹೆಚ್ಚು ಓದಿಸಿಕೊಂಡ ಸುದ್ದಿ ಅದೇ. ತಿಂಗಳು ಕಳೆದ ಮೇಲೆ ಜೆರಾಕ್ಸ್ ಅಂಗಡಿಯವರೊಬ್ಬರು ಫೋನ್ ಮಾಡಿ, “ಸಾರ್, ಈ ಸಲದ ಬಿಲ್ ಹಳೇ ರೇಟಲ್ಲೇ ಬಂದಿದೆಯಲ್ಲ, ಹೊಸದು ಯಾವಾಗಿಂದ?” ಅಂತ ಕೇಳಿದರು. ಅದು ಬರೀ ಪ್ರಸ್ತಾವ, ಜನ ಆಕ್ಷೇಪಣೆ ಸಲ್ಲಿಸಬಹುದಿತ್ತು, ಆ ಗಡುವು ಈಗ ಮುಗಿದಿದೆ ಎಂದೆ. “ಹಾಗಿದ್ರೆ ಏರಿಕೆ ಅಂತ ಯಾಕೆ ಹಾಕಿದ್ರಿ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸುದ್ದಿಯೊಳಗೆ ‘ಪ್ರಸ್ತಾವ’ ಅಂತ ಸರಿಯಾಗಿಯೇ ಬರೆದಿದ್ದೆ, ಮೂರನೇ ಪ್ಯಾರಾದಲ್ಲಿ. ಅವರು ಓದಿದ್ದು ಶೀರ್ಷಿಕೆಯನ್ನು ಮಾತ್ರ.

ಎರಡು ಬಗೆಯ ಮೋಸ

ಕ್ಲಿಕ್‌ಬೈಟ್ ಅಂದರೆ ಏನು ಅನ್ನುವುದಕ್ಕೆ 2016ರಲ್ಲಿ ಫೇಸ್‌ಬುಕ್ ತನ್ನ ನ್ಯೂಸ್‌ಫೀಡ್‌ಗಾಗಿ ಎರಡು ಪ್ರಶ್ನೆ ಇಟ್ಟುಕೊಂಡಿತ್ತು. ಓದುಗರಿಗೆ ಬೇಕಾದ ಮಾಹಿತಿಯನ್ನು ಶೀರ್ಷಿಕೆ ಬಚ್ಚಿಡುತ್ತಿದೆಯೇ? ಇರುವುದಕ್ಕಿಂತ ಹಿಗ್ಗಿಸಿ ತಪ್ಪು ನಿರೀಕ್ಷೆ ಹುಟ್ಟಿಸುತ್ತಿದೆಯೇ? ‘ವಿದ್ಯುತ್ ಗ್ರಾಹಕರೇ ಗಮನಿಸಿ, ಇಲ್ಲಿದೆ ಮಹತ್ವದ ಮಾಹಿತಿ’ ಎಂಬುದು ಮೊದಲ ಜಾತಿ. ‘ಗ್ರಾಹಕರಿಗೆ ಶಾಕ್’ ಎರಡನೆಯದು.

ಬಚ್ಚಿಟ್ಟಿದ್ದನ್ನು ಓದುಗರು ಬೇಗ ಹಿಡಿಯುತ್ತಾರೆ, ಬೈಯುತ್ತಾರೆ, ಮುಂದೆ ಹೋಗುತ್ತಾರೆ. ಹಿಗ್ಗಿಸಿದ್ದು ಹಾಗಲ್ಲ, ಅದು ತಲೆಯಲ್ಲಿ ಉಳಿಯುತ್ತದೆ. ಮನಶ್ಶಾಸ್ತ್ರಜ್ಞ ಉಲ್ರಿಚ್ ಎಕರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ದಾರಿತಪ್ಪಿಸುವ ಶೀರ್ಷಿಕೆಗಳು ಇಡೀ ಸುದ್ದಿ ಓದಿದವರ ನೆನಪು, ತೀರ್ಮಾನಗಳ ಮೇಲೂ ಪ್ರಭಾವ ಬೀರಿದ್ದು ಕಂಡಿತ್ತು. ಅಂದರೆ ‘ಒಳಗೆ ಸರಿಯಾಗಿ ಬರೆದಿದ್ದೇವಲ್ಲ’ ಅನ್ನುವ ಸಮಜಾಯಿಷಿ ನಿಲ್ಲುವುದಿಲ್ಲ.

ಹಾಗಾಗಿ ನಾನು ಈಗ ಪ್ರತಿ ಶೀರ್ಷಿಕೆಗೂ ಒಂದೇ ಪರೀಕ್ಷೆ ಮಾಡುತ್ತೇನೆ: ಓದುಗರು ಇದನ್ನು ಕ್ಲಿಕ್ ಮಾಡದೇ ಹೋದರೂ, ಅವರು ಜೊತೆಗೊಯ್ಯುವ ಮಾತು ನಿಜವೇ?

ಸುದ್ದಿ ಯಾವ ಹಂತದಲ್ಲಿದೆ?

ಸ್ಥಳೀಯ ಸುದ್ದಿಯಲ್ಲಿ ಈ ಪರೀಕ್ಷೆ ಹೆಚ್ಚಾಗಿ ಸೋಲುವುದು ಹಂತದ ವಿಷಯದಲ್ಲಿ. ಪ್ರಸ್ತಾವ, ಕರಡು, ಅನುಮೋದನೆ, ಆದೇಶ, ಜಾರಿ ಎಲ್ಲವೂ ಬೇರೆಬೇರೆ. ವಿದ್ಯುತ್ ದರವನ್ನೇ ನೋಡಿ. ಶಿವಮೊಗ್ಗದ ಸುದ್ದಿಪುಟ ಅಂತ ಇಟ್ಟುಕೊಳ್ಳೋಣ. ಅಲ್ಲಿ ವಿದ್ಯುತ್ ವಿತರಿಸುವುದು ಮೆಸ್ಕಾಂ. ಆದರೆ ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಮೆಸ್ಕಾಂ ಅರ್ಜಿ ಹಾಕಬೇಕು, ಅದನ್ನು ಪ್ರಕಟಿಸಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಆಯೋಗವು ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ, ಅರ್ಜಿ ಬಂದ 120 ದಿನಗಳೊಳಗೆ ತೀರ್ಮಾನ ಮಾಡಬೇಕು. ಕೇಳಿದ್ದಷ್ಟನ್ನೂ ಕೊಡಬೇಕೆಂದಿಲ್ಲ, ಕಡಿಮೆ ಮಾಡಬಹುದು, ತಿರಸ್ಕರಿಸಲೂಬಹುದು.

ಅರ್ಜಿ ಬಿದ್ದ ದಿನವೇ ‘ಏರಿಕೆ’ ಎಂದು ಹಾಕಿದರೆ ಏನಾಗುತ್ತದೆ? ಜನ ‘ಮುಗೀತು’ ಅಂದುಕೊಳ್ಳುತ್ತಾರೆ. ಮಾತಾಡಲು ಕಾನೂನು ಕೊಟ್ಟ ಅವಕಾಶ ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತದೆ. ಆ ಅಂಗಡಿಯವರಿಗೆ ಆಗಿದ್ದೂ ಇದೇ.

ಒಂದು ಶೀರ್ಷಿಕೆ ತಿದ್ದೋಣ

ಲೆಕ್ಕಕ್ಕೆಂದು, ಎಲ್ಲ ವರ್ಗಕ್ಕೂ ಯೂನಿಟ್‌ಗೆ 60 ಪೈಸೆ ಹೆಚ್ಚಳ ಕೇಳಿದ್ದಾರೆ, ಆಕ್ಷೇಪಣೆಗೆ ಜನವರಿ 20 ಕೊನೆ ದಿನ ಅಂತ ಇಟ್ಟುಕೊಳ್ಳಿ. ಮೊದಲು ಬರುವ ಶೀರ್ಷಿಕೆ ಇದು:

‘ಮತ್ತೆ ಕರೆಂಟ್ ಶಾಕ್! ಪ್ರತಿ ಮನೆಗೂ ಬಿಲ್ ಬರೆ’

‘ಪ್ರತಿ ಮನೆಗೂ’ ಅನ್ನುವುದು ಸುಳ್ಳು. ಗೃಹಜ್ಯೋತಿಯಡಿ ಶೂನ್ಯ ಬಿಲ್ ಬರುತ್ತಿರುವ ಮನೆಗಳಿಗೆ ಇದು ನೇರವಾಗಿ ತಟ್ಟುವುದಿಲ್ಲ. ತಟ್ಟುವುದು 200 ಯೂನಿಟ್ ಮೀರಿದ ಮನೆಗಳು, ತಮ್ಮ ಉಚಿತ ಮಿತಿ ದಾಟಿದವರು, ಅಂಗಡಿಗಳು, ಸಣ್ಣ ವರ್ಕ್‌ಶಾಪ್‌ಗಳಿಗೆ. ತಿಂಗಳಿಗೆ 400 ಯೂನಿಟ್ ಬಳಸುವ ಅಂಗಡಿಗೆ ತೆರಿಗೆ ಬಿಟ್ಟು 240 ರೂಪಾಯಿ ಹೆಚ್ಚು. ಈ ಲೆಕ್ಕವೇ ಓದುಗರನ್ನು ಎಳೆಯುವ ದಾರ. ‘ಶಾಕ್’ ಯಾರಿಗೂ ಸೇರಿದ್ದಲ್ಲ. 240 ರೂಪಾಯಿ ಅಂದರೆ ಅಂಗಡಿಯವರು ತಕ್ಷಣ ತಮ್ಮ ಬಿಲ್ ನೆನಪಿಸಿಕೊಳ್ಳುತ್ತಾರೆ.

ಎರಡನೇ ಯತ್ನ: ‘ಮೆಸ್ಕಾಂ ವ್ಯಾಪ್ತಿಯಲ್ಲಿ ವಿದ್ಯುತ್ ದರ ಯೂನಿಟ್‌ಗೆ 60 ಪೈಸೆ ಏರಿಕೆಗೆ ಪ್ರಸ್ತಾವ ಸಲ್ಲಿಕೆ’. ಇದರಲ್ಲಿ ಸುಳ್ಳಿಲ್ಲ. ಆದರೆ ಕಚೇರಿ ಕಡತದ ಹಾಗಿದೆ, ಯಾರೂ ಮುಟ್ಟಲ್ಲ. ಇನ್ನೊಂದು ತೊಂದರೆ ಮೊಬೈಲ್‌ನಲ್ಲಿ ಕಾಣುತ್ತದೆ. ನೋಟಿಫಿಕೇಶನ್ ಅರ್ಧಕ್ಕೆ ಕತ್ತರಿಸಿ, ‘...ಯೂನಿಟ್‌ಗೆ 60 ಪೈಸೆ ಏರಿಕೆ’ ಅನ್ನುವಲ್ಲಿಗೆ ನಿಂತುಬಿಡಬಹುದು.

ಇದು ಕನ್ನಡದ್ದೇ ಸಮಸ್ಯೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಇಲ್ಲ’, ‘ಸಾಧ್ಯತೆ’, ‘ಆರೋಪ’, ‘ಪ್ರಸ್ತಾವ’ ಇವೂ ಕೊನೆಗೇ. ಇಡೀ ವಾಕ್ಯದ ಅರ್ಥ ತಿರುಗಿಸುವ ಪದವೇ ಪರದೆಯಾಚೆ ಬಿದ್ದುಹೋಗುತ್ತದೆ. ‘ಅಧಿಕಾರಿಯಿಂದ ಹಣ ದುರ್ಬಳಕೆ ಆರೋಪ’ ಎಂಬುದರಲ್ಲಿ ಕೊನೆಯ ಪದ ಕತ್ತರಿಸಿದರೆ ಉಳಿಯುವುದು ತೀರ್ಪು. ಅಕ್ಷರ ಎಣಿಸುವ ಪೆಟ್ಟಿಗೆಯನ್ನೂ ನಂಬಬೇಡಿ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯುನಿಕೋಡ್‌ನಲ್ಲಿ ಅದು ಆರು ಸಂಕೇತ. ಪ್ರಕಟಿಸುವ ಮುನ್ನ ಸಣ್ಣ ಪರದೆಯ ಫೋನಿನಲ್ಲಿ ಒಮ್ಮೆ ನೋಡುವುದೇ ಸರಿಯಾದ ದಾರಿ. ಅರ್ಥ ಬದಲಿಸುವ ಪದವನ್ನು ಮೊದಲ ಮೂರ್ನಾಲ್ಕು ಪದಗಳೊಳಗೆ ತನ್ನಿ:

‘ವಿದ್ಯುತ್ ದರ ಇನ್ನೂ ಏರಿಲ್ಲ: ಮೆಸ್ಕಾಂ ಕೇಳಿದ್ದು 60 ಪೈಸೆ, ಆಕ್ಷೇಪಣೆಗೆ ಜ. 20 ಕೊನೆ ದಿನ’

ಎಲ್ಲಿ ಕತ್ತರಿಸಿದರೂ ಉಳಿದ ಭಾಗ ನಿಜವೇ ಆಗಿರುತ್ತದೆ. ‘ಇನ್ನು 5 ದಿನ ಬಾಕಿ’ ಎನ್ನದೆ ದಿನಾಂಕವನ್ನೇ ಕೊಟ್ಟಿದ್ದೇವೆ, ಏಕೆಂದರೆ ಲಿಂಕ್ ವಾರ ಬಿಟ್ಟು ಇನ್ನೊಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತದೆ. ಅಂಗಡಿಯ 240 ರೂಪಾಯಿ ಲೆಕ್ಕ ಎಲ್ಲಿ ಹೋಯಿತು? ಅದು ಉಪಶೀರ್ಷಿಕೆಗೆ. ಎಲ್ಲವನ್ನೂ ಒಂದೇ ಸಾಲಿಗೆ ತುಂಬಿದರೆ ಯಾವುದೂ ನಿಲ್ಲುವುದಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗುವುದು

‘ಕರೆಂಟ್ ಬಿಲ್ ಡಬಲ್ ಆಗುತ್ತಾ?’ ಅಂತ ಕೇಳಿ ಜಾರಿಕೊಳ್ಳುವ ದಾರಿಯೂ ಇದೆ. ಪ್ರಶ್ನೆಯಲ್ಲಿ ಮುಗಿಯುವ ಯಾವುದೇ ಶೀರ್ಷಿಕೆಗೆ ‘ಇಲ್ಲ’ ಎಂದು ಉತ್ತರಿಸಬಹುದು ಅಂತ ಬ್ರಿಟನ್ನಿನ ಪತ್ರಕರ್ತ ಇಯಾನ್ ಬೆಟರಿಜ್ 2009ರಲ್ಲಿ ಬರೆದಿದ್ದರು. ಇದು ‘ಹೌದು–ಇಲ್ಲ’ ಪ್ರಶ್ನೆಗಳಿಗಷ್ಟೇ ಹೊಂದುವ ಮಾತು. ‘ಆಕ್ಷೇಪಣೆ ಸಲ್ಲಿಸುವುದು ಹೇಗೆ?’ ಎಂದು ಕೇಳಿ, ಒಳಗೆ ಹಂತಹಂತವಾಗಿ ಉತ್ತರಿಸಿದರೆ ಅದು ಪ್ರಾಮಾಣಿಕ ಶೀರ್ಷಿಕೆ. ‘ಆಗುತ್ತಾ?’ ಅನ್ನುವುದಕ್ಕೆ ನಿಮ್ಮ ವರದಿಯಲ್ಲೇ ಉತ್ತರ ಇಲ್ಲದಿದ್ದರೆ ಆ ಪ್ರಶ್ನೆ ಬೇಡ.

ತಪ್ಪಾದ ಮೇಲೆ

ಶೀರ್ಷಿಕೆ ತಿದ್ದಿದರೆ ಪುಟದಲ್ಲಿ ಮಾತ್ರ ಬದಲಾಗಿರುತ್ತದೆ. ಶೇರ್ ಮಾಡಿದಾಗ ಕಾಣುವ ಶೀರ್ಷಿಕೆ ಸಾಮಾನ್ಯವಾಗಿ `og:title` ಎಂಬ ಬೇರೆ ಜಾಗದಿಂದ ಬರುತ್ತದೆ, ಅದನ್ನೂ ತಿದ್ದಬೇಕು. ಅಷ್ಟಾದರೂ ಈಗಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಹೋದ ಸಂದೇಶದ ಕಾರ್ಡ್ ಹಳೆಯದೇ ಇರುತ್ತದೆ. ಅದನ್ನು ವಾಪಸ್ ಕರೆಯಲು ಆಗಲ್ಲ. ಹಾಗಾಗಿ ಸದ್ದಿಲ್ಲದೆ ಬದಲಿಸುವ ಬದಲು, ಸುದ್ದಿಯ ಮೇಲ್ಭಾಗದಲ್ಲೇ ‘ಈ ಮೊದಲು ಏರಿಕೆ ಎಂದು ಹಾಕಿದ್ದೆವು, ಅದು ಪ್ರಸ್ತಾವ ಮಾತ್ರ’ ಅಂತ ಬರೆಯಬೇಕು. ಹಳೇ ಕಾರ್ಡ್ ಒತ್ತಿ ಬಂದವರಿಗೆ ಆ ಸಾಲು ಮೊದಲು ಕಾಣಬೇಕು.

ನಾನು ಆವತ್ತು ಅದನ್ನೂ ಮಾಡಿರಲಿಲ್ಲ. ‘ಪ್ರಸ್ತಾವ’ ಅನ್ನುವ ಪದ ಮೂರನೇ ಪ್ಯಾರಾದಿಂದ ಮೊದಲ ಸಾಲಿಗೆ ಬಂದಿದ್ದರೆ ಓದುಗರು ಕೆಲವರು ಕಡಿಮೆಯಾಗುತ್ತಿದ್ದರೇನೋ. ಆದರೆ ಆ ಅಂಗಡಿಯವರು ಒಂದು ತಿಂಗಳು ಮೊದಲೇ ಫೋನ್ ಮಾಡುತ್ತಿದ್ದರು.